ಆ್ಯಪ್ ಕೈಕೊಟ್ಟ ಮೇಲೆ ಗ್ರಾಹಕರಿಗೆ ಏನಂತ ಬರೆಯಬೇಕು?

‘ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯ ಉಂಟಾಗಿತ್ತು. ಅನನುಕೂಲಕ್ಕೆ ವಿಷಾದಿಸುತ್ತೇವೆ.’

ಆ್ಯಪ್ ಒಂದೆರಡು ಗಂಟೆ ನಿಂತುಹೋದ ಮೇಲೆ ಬರುವ ಈ ಎರಡು ಸಾಲನ್ನು ನಾವೆಲ್ಲ ಓದಿದ್ದೇವೆ. ಗ್ರಾಹಕ ಸೇವೆಯ ಕೆಲಸದಲ್ಲಿದ್ದಾಗ ನಾನೂ ಇದನ್ನೇ ಬರೆದು ಕಳಿಸಿದ್ದೇನೆ. ಕಳಿಸಿದ ಮೇಲೆ ಫೋನ್ ಕರೆಗಳು ಕಡಿಮೆಯಾಗಲಿಲ್ಲ, ಜಾಸ್ತಿಯಾದವು. ಕರೆ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ‘ನನ್ನ ದುಡ್ಡು ಕಟ್ ಆಗಿದೆ, ಅದು ಏನಾಯ್ತು?’ ಆ ಎರಡು ಸಾಲಿನಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಳಿಗ್ಗೆ ಮನೆಗೆ ಹಾಲು ತಲುಪಿಸುವ ಆ್ಯಪ್ ಒಂದಿದೆ ಎಂದುಕೊಳ್ಳಿ. ಮಾರನೆಯ ದಿನದ ಹಾಲಿಗೆ ರಾತ್ರಿ 10 ಗಂಟೆಯೊಳಗೆ ಆರ್ಡರ್ ಹಾಕಬೇಕು. ಒಂದು ಸಂಜೆ 8.40ಕ್ಕೆ ಆರ್ಡರ್‌ಗಳನ್ನು ಬರೆದಿಡುವ ಕಂಪ್ಯೂಟರಿನ ಡಿಸ್ಕ್ ತುಂಬಿಹೋಯಿತು. ಹೊಸ ಆರ್ಡರ್ ಒಂದೂ ದಾಖಲಾಗುತ್ತಿಲ್ಲ. ಆದರೆ ಹಣ ಪಡೆಯುವ ಕೆಲಸ ಬೇರೆ ಕಂಪನಿಯದು, ಅದು ಸರಿಯಾಗಿಯೇ ನಡೆಯುತ್ತಿದೆ. ಹೀಗಾಗಿ ದುಡ್ಡು ಹೋಗುತ್ತಿದೆ, ಆರ್ಡರ್ ಮಾತ್ರ ಇಲ್ಲ. 10.25ಕ್ಕೆ ಎಲ್ಲ ಸರಿಯಾಯಿತು. ಈಗ ನೀವು ಗ್ರಾಹಕರಿಗೆ ಬರೆಯಬೇಕು.

ಬರೆಯುವ ಮೊದಲು ಎರಡು ಪಟ್ಟಿ ತರಿಸಿಕೊಳ್ಳಿ. ಆ ಸಮಯದಲ್ಲಿ ಬಂದ ಹಣದ ಪಟ್ಟಿ ಒಂದು, ದಾಖಲಾದ ಆರ್ಡರ್‌ಗಳ ಪಟ್ಟಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಹಣ ಬಂದು ಆರ್ಡರ್ ಇಲ್ಲದವರು ಮೊದಲ ಗುಂಪು. ಅವರ ಹಣ ನಿಮ್ಮ ಕೈ ಸೇರಿದೆ, ಅದನ್ನು ನೀವೇ ವಾಪಸ್ ಮಾಡಬೇಕು. ಒಮ್ಮೆ ಆಗಲಿಲ್ಲ ಎಂದು ಎರಡು ಸಲ ಪಾವತಿಸಿದವರೂ ಇದರಲ್ಲೇ ಸಿಗುತ್ತಾರೆ. ಬ್ಯಾಂಕಿನಿಂದ ಹಣ ಕಡಿತವಾಗಿ ನಿಮ್ಮ ಪಟ್ಟಿಗೇ ಬರದವರು ಎರಡನೆಯ ಗುಂಪು. ಅದು ಯುಪಿಐ ದಾರಿಯಲ್ಲಿ ನಡುವೆ ಸಿಕ್ಕಿಕೊಂಡ ಹಣ, ನಿಮ್ಮ ಹತ್ತಿರ ಇಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ವ್ಯಾಪಾರಿಗೆ ಕೊಟ್ಟ ಹಣ ಹೀಗೆ ಸಿಕ್ಕಿಕೊಂಡರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇನ್ನು ಆ್ಯಪ್ ತೆರೆದು, ಆಗದೆ ಸುಮ್ನೆ ಮುಚ್ಚಿದವರು ಮೂರನೆಯ ಗುಂಪು.

ಮೂರೂ ಗುಂಪಿಗೆ ಬೇಕಾದ ಉತ್ತರ ಬೇರೆ ಬೇರೆ. ‘ನಿಮ್ಮ ಹಣ 5 ದಿನದಲ್ಲಿ ವಾಪಸ್ ಬರುತ್ತದೆ’ ಎಂದು ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಮೊದಲ ಗುಂಪಿನವರು ಬ್ಯಾಂಕಿಗೆ ಅಲೆಯುತ್ತಾರೆ. ಬ್ಯಾಂಕಿನವರು ‘ಹಣ ಕಂಪನಿಗೆ ಹೋಗಿದೆ’ ಎನ್ನುತ್ತಾರೆ. ಅದು ನಿಜವೂ ಹೌದು.

ಈಗ ಬರೆಯಲು ಕೂರಿ. ಎಂಜಿನಿಯರ್‌ಗಳಿಗೆ ಕಾರಣದಿಂದ ಶುರು ಮಾಡುವ ಆಸೆ. ಬೇಡ. ಓದುವವರಿಗೆ ಮೊದಲು ಬೇಕಾದದ್ದು ತಮಗೆ ಏನಾಯಿತು ಎನ್ನುವುದು. ಹೀಗೆ ಬರೆಯಬಹುದು:

‘ಮಂಗಳವಾರ ರಾತ್ರಿ 8.40ರಿಂದ 10.25ರವರೆಗೆ ನಮ್ಮ ಆ್ಯಪ್‌ನಲ್ಲಿ ಹಾಲಿನ ಆರ್ಡರ್ ದಾಖಲಾಗಲಿಲ್ಲ. ಈ ಸಮಯದಲ್ಲಿ 412 ಮಂದಿಯ ಹಣ ನಮಗೆ ಬಂದಿದೆ, ಆದರೆ ಅವರಿಗೆ ಬುಧವಾರ ಬೆಳಿಗ್ಗೆ ಹಾಲು ಬರುವುದಿಲ್ಲ. ಅವರ ಪೂರ್ತಿ ಹಣವನ್ನು ಇಂದು ರಾತ್ರಿಯೇ ವಾಪಸ್ ಕಳಿಸುತ್ತಿದ್ದೇವೆ, ನೀವು ಏನೂ ಮಾಡಬೇಕಿಲ್ಲ. ಬ್ಯಾಂಕಿನಿಂದ ಹಣ ಹೋಗಿ, ಅದನ್ನು ವಾಪಸ್ ಕಳಿಸಿದ್ದೇವೆ ಎಂಬ ಇನ್ನೊಂದು ಸಂದೇಶ ನಮ್ಮಿಂದ ಬಾರದಿದ್ದರೆ ಆ ಹಣ ನಮಗೆ ತಲುಪಿಲ್ಲ. ಅದು ಸೋಮವಾರದ ಮೊದಲು ನಿಮ್ಮ ಖಾತೆಗೆ ಮರಳಬೇಕು. ಮರಳದಿದ್ದರೆ ಯುಪಿಐ ವಹಿವಾಟಿನ ಸಂಖ್ಯೆಯೊಂದಿಗೆ ನಮಗೆ ಬರೆಯಿರಿ, ಬ್ಯಾಂಕಿಗೆ ದೂರು ಕೊಡಲು ನೆರವಾಗುತ್ತೇವೆ. ಪ್ರತಿದಿನದ ಹಾಲಿಗೆ ಮೊದಲೇ ಹೇಳಿಟ್ಟವರಿಗೆ ಹಾಲು ಎಂದಿನಂತೆ ಬರುತ್ತದೆ.’

ಕೊನೆಯ ಸಾಲನ್ನು ಎಷ್ಟೋ ಜನ ಮರೆಯುತ್ತಾರೆ. ಏನು ಕೆಟ್ಟಿಲ್ಲ ಎನ್ನುವುದನ್ನೂ ಹೇಳಬೇಕು, ಅಲ್ವಾ? ಇಲ್ಲದಿದ್ದರೆ ತೊಂದರೆಯೇ ಆಗದವರೂ ಗಾಬರಿಯಾಗುತ್ತಾರೆ. ಆದರೆ ‘ನಿಮ್ಮ ಮಾಹಿತಿಗೆ ಏನೂ ಆಗಿಲ್ಲ’ ಎಂದು ಬರೆಯುವ ಮೊದಲು ಯಾರಾದರೂ ಅದನ್ನು ನಿಜವಾಗಿ ಪರೀಕ್ಷಿಸಿರಬೇಕು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಮಾದರಿ ಗಿಟ್‌ಲ್ಯಾಬ್ ಕಂಪನಿಯದು. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಲತಾಣ ಅದು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಮುಖ್ಯ ಡೇಟಾಬೇಸನ್ನೇ ತಪ್ಪಿ ಅಳಿಸಿಬಿಟ್ಟರು. ಕಂಪನಿ ಮುಚ್ಚಿಡಲಿಲ್ಲ. ಸುಮಾರು 6 ಗಂಟೆಯ ಬದಲಾವಣೆಗಳು ಮರಳಿ ಸಿಗುವುದಿಲ್ಲ ಎಂದಿತು. ಸುಮಾರು 5,000 ಪ್ರಾಜೆಕ್ಟ್, 5,000 ಪ್ರತಿಕ್ರಿಯೆ, 700 ಹೊಸ ಖಾತೆಗಳಿಗೆ ಇದು ತಟ್ಟಿದೆ ಎಂದು ಲೆಕ್ಕ ಕೊಟ್ಟಿತು. ಜನ ಬರೆದಿಟ್ಟ ಕೋಡ್ ಮಾತ್ರ ಹಾಗೇ ಇದೆ ಎಂದೂ ಹೇಳಿತು. ಕೆಟ್ಟ ಸುದ್ದಿಯೇ, ಆದರೆ ಓದಿದವರಿಗೆ ತಾವು ಎಲ್ಲಿದ್ದೇವೆ ಎಂದು ಗೊತ್ತಾಯಿತು.

ಇನ್ನು ಕಾರಣ. ‘ಸರ್ವರ್ ಡೌನ್ ಆಗಿತ್ತು’ ಎನ್ನುವುದು ಕಾರಣವಲ್ಲ, ಅದು ಜನರಿಗೆ ಕಂಡದ್ದೇ. ‘ಯಾಕೆ’ ಎಂದು ಮೂರು ಸಲ ಕೇಳಿಕೊಳ್ಳಿ. ಆರ್ಡರ್ ಯಾಕೆ ದಾಖಲಾಗಲಿಲ್ಲ? ಡಿಸ್ಕ್ ತುಂಬಿತ್ತು. ಯಾಕೆ ತುಂಬಿತು? ಆ್ಯಪ್ ತಾನು ಮಾಡಿದ ಪ್ರತಿ ಕೆಲಸವನ್ನೂ ದಿನಚರಿಯಂತೆ ಬರೆದಿಡುತ್ತದೆ. ಹಳೆಯ ದಿನಚರಿಯನ್ನು ವಾರಕ್ಕೊಮ್ಮೆ ಅಳಿಸುವ ಏರ್ಪಾಡು ಮೂರು ವಾರದ ಹಿಂದೆ ನಿಂತುಹೋಗಿತ್ತು. ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಎಚ್ಚರಿಕೆಯ ಇಮೇಲ್ ಕೆಲಸ ಬಿಟ್ಟುಹೋದವರ ವಿಳಾಸಕ್ಕೆ ಹೋಗುತ್ತಿತ್ತು.

ನಿಜವಾದ ಕಾರಣ ಸಾಮಾನ್ಯವಾಗಿ ಮೂರನೆಯ ಉತ್ತರದಲ್ಲಿರುತ್ತದೆ. ಗಿಟ್‌ಲ್ಯಾಬ್‌ನಲ್ಲೂ ಹೀಗೇ ಆಗಿತ್ತು. ಪ್ರತಿದಿನದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತು ಎಂದು ತಿಳಿಸುವ ಇಮೇಲ್‌ಗಳೂ ತಲುಪದೆ ತಿರಸ್ಕೃತವಾಗುತ್ತಿದ್ದವು. ಕಂಪನಿ ಅದನ್ನೂ ಬರೆಯಿತು. ತಪ್ಪು ಮಾಡಿದ ಎಂಜಿನಿಯರ್‌ ಮೇಲೆ ಹೊರೆ ಹಾಕಲಿಲ್ಲ.

ಕಾರಣ ಬರೆಯುವಾಗ ಕ್ರಿಯಾಪದದ ಮೇಲೆ ಕಣ್ಣಿಡಿ. ‘ಎಚ್ಚರಿಕೆಯನ್ನು ಗಮನಿಸಲಾಗಿರಲಿಲ್ಲ’ ಎಂದರೆ ಗಮನಿಸಬೇಕಾದವರು ಯಾರು ಎಂಬುದೇ ಮಾಯವಾಗುತ್ತದೆ. ‘ನಾವು ಗಮನಿಸಲಿಲ್ಲ’ ಎಂದು ಬರೆಯಿರಿ. ಕ್ಷಮೆಯನ್ನು ಇದೇ ಜಾಗದಲ್ಲಿ ಒಮ್ಮೆ ಕೇಳಿದರೆ ಸಾಕು: ‘ಎಚ್ಚರಿಕೆ ಸರಿಯಾದವರಿಗೆ ಹೋಗುತ್ತಿದೆಯೇ ಎಂದು ನಾವು ನೋಡಲಿಲ್ಲ. ಇದು ನಮ್ಮ ತಪ್ಪು, ಕ್ಷಮಿಸಿ.’

ಪರಿಹಾರದ ಭಾಗದಲ್ಲಿ ಮುಗಿದ ಕೆಲಸ, ಮುಗಿಯಬೇಕಾದ ಕೆಲಸ ಎರಡನ್ನೂ ಬೇರೆ ಮಾಡಿ. ‘ಡಿಸ್ಕ್‌ನಲ್ಲಿ ಜಾಗ ಮಾಡಿದ್ದೇವೆ, ಅಳಿಸುವ ಏರ್ಪಾಡನ್ನು ಮತ್ತೆ ಶುರು ಮಾಡಿದ್ದೇವೆ. ಡಿಸ್ಕ್ ಮುಕ್ಕಾಲು ತುಂಬಿದ ಕೂಡಲೇ ರಾತ್ರಿ ಪಾಳಿಯವರ ಫೋನಿಗೆ ಕರೆ ಹೋಗುವ ವ್ಯವಸ್ಥೆ ಇದೇ ಶುಕ್ರವಾರದೊಳಗೆ ಆಗುತ್ತದೆ. ಆರ್ಡರ್ ಬರೆಯಲು ಆಗದಿದ್ದರೆ ಆ್ಯಪ್ ಹಣವನ್ನೇ ಕೇಳದಂತೆ ಬದಲಿಸಲು ಒಂದು ತಿಂಗಳು ಬೇಕು.’ ‘ಇನ್ನೆಂದೂ ಹೀಗಾಗುವುದಿಲ್ಲ’ ಎಂದು ಬರೆಯಬೇಡಿ. ಆ ಒಂದು ತಿಂಗಳೊಳಗೇ ಮತ್ತೆ ಆಗಬಹುದು.

ಈ ಪತ್ರ ರಾತ್ರಿಯೇ ಹೋಗಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಲ್ಲಿ ಪ್ಯಾಕೆಟ್ ಹುಡುಕುವ ಮೊದಲು ಜನರಿಗೆ ಹಾಲು ಬರುವುದಿಲ್ಲ ಎಂದು ಗೊತ್ತಾಗಬೇಕು. ಕಾರಣ ಇನ್ನೂ ಪೂರ್ತಿ ತಿಳಿಯದಿದ್ದರೆ ಪರಿಣಾಮದ ಭಾಗವನ್ನಷ್ಟೇ ಕಳಿಸಿ, ಉಳಿದದ್ದು ಯಾವಾಗ ಬರುತ್ತದೆ ಎಂದು ದಿನ ಹೇಳಿ. 412 ಮಂದಿಗೆ ಮಾತ್ರ ಇನ್ನೊಂದು ಸಂದೇಶ ಬೇರೆ ಹೋಗಬೇಕು, ಅದೂ ಹಣ ಹೊರಟ ಮೇಲೆ: ‘ನಿಮ್ಮ 54 ರೂಪಾಯಿಯನ್ನು ರಾತ್ರಿ 11.50ಕ್ಕೆ ವಾಪಸ್ ಕಳಿಸಿದ್ದೇವೆ. ವಹಿವಾಟಿನ ಸಂಖ್ಯೆ ಕೆಳಗಿದೆ.’