ಅಲ್ಬುಮಿನ್ ಕಡಿಮೆ, ಅನುಪಾತ ಉಲ್ಟಾ: ರಕ್ತ ವರದಿಯ ನಾಲ್ಕು ಸಾಲುಗಳನ್ನು ಓದುವ ಬಗೆ

ಯಕೃತ್ತಿನ ಪರೀಕ್ಷೆಯ ವರದಿ ಕೈಗೆ ಬಂದಾಗ ನಮ್ಮ ರಾಯಚೂರು, ಕೊಪ್ಪಳದ ಕಡೆ ಮೊದಲು ಹುಡುಕುವುದು ಕಾಮಾಲೆಯ ಸಂಖ್ಯೆಯನ್ನು, ಅಂದರೆ ಬಿಲಿರುಬಿನ್ ಎಷ್ಟಿದೆ ಎಂಬುದನ್ನು. ಅದು ಸರಿಯಿದ್ದರೆ ಕಾಗದವನ್ನು ಮಡಚಿಡುತ್ತೇವೆ. ಆದರೆ ಅದೇ ಹಾಳೆಯ ಕೆಳಭಾಗದಲ್ಲಿ ಟೋಟಲ್ ಪ್ರೋಟೀನ್, ಅಲ್ಬುಮಿನ್, ಗ್ಲಾಬ್ಯುಲಿನ್, ಎ/ಜಿ ರೇಶಿಯೊ ಎಂಬ ನಾಲ್ಕು ಸಾಲುಗಳಿರುತ್ತವೆ. ದೀರ್ಘಕಾಲದ ಯಕೃತ್ತಿನ ಕಾಯಿಲೆಯಾಗಲಿ, ಮೂತ್ರಪಿಂಡದ ಸೋರಿಕೆಯಾಗಲಿ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ.

ಓದುವಾಗ ಮೊದಲು ತಿಳಿಯಬೇಕಾದದ್ದು, ಈ ನಾಲ್ಕರಲ್ಲಿ ಪ್ರಯೋಗಾಲಯದವರು ಸಾಮಾನ್ಯವಾಗಿ ಅಳೆಯುವುದು ಎರಡನ್ನು ಮಾತ್ರ ಎಂಬುದು. ರಕ್ತದ ಒಟ್ಟು ಪ್ರೋಟೀನ್, ಅಂದರೆ ಟೋಟಲ್ ಪ್ರೋಟೀನ್, ಮತ್ತು ಅದರಲ್ಲೊಂದು ಬಗೆಯಾದ ಅಲ್ಬುಮಿನ್ ಅಳತೆಯಿಂದ ಬರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವುದೇ ಗ್ಲಾಬ್ಯುಲಿನ್. ಅಲ್ಬುಮಿನ್ ಅನ್ನು ಆ ಗ್ಲಾಬ್ಯುಲಿನ್‌ನಿಂದ ಭಾಗಿಸಿದರೆ ಎ/ಜಿ ಅನುಪಾತ ಸಿಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಅಲ್ಬುಮಿನ್ ಡೆಸಿಲೀಟರಿಗೆ ಸುಮಾರು 3.5ರಿಂದ 5 ಗ್ರಾಂ, ಗ್ಲಾಬ್ಯುಲಿನ್ 2ರಿಂದ 3.5 ಗ್ರಾಂ ಇರುವುದರಿಂದ ಅನುಪಾತ ಒಂದಕ್ಕಿಂತ ಹೆಚ್ಚಿರುತ್ತದೆ. ಗ್ಲಾಬ್ಯುಲಿನ್ ಅಲ್ಬುಮಿನ್‌ಗಿಂತ ಹೆಚ್ಚಾಗಿ ಅನುಪಾತ ಒಂದಕ್ಕಿಂತ ಕೆಳಗಿಳಿದರೆ ಅದನ್ನೇ ‘ಉಲ್ಟಾ’ ಅಥವಾ ‘ರಿವರ್ಸ್’ ಆಗಿದೆ ಎನ್ನುತ್ತಾರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಿತಿಗಳು ತುಸು ಬದಲಾಗುತ್ತವೆ, ಆದ್ದರಿಂದ ನಿಮ್ಮ ವರದಿಯ ಬಲಬದಿಯಲ್ಲಿ ಅಚ್ಚಾದ ಮಿತಿಯನ್ನೇ ಆಧಾರವಾಗಿಟ್ಟುಕೊಳ್ಳಿ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ಮುಂದುವರಿಯೋಣ. ಸಿಂಧನೂರು ಭಾಗದ 52 ವರ್ಷದ ಭತ್ತದ ಬೆಳೆಗಾರರೊಬ್ಬರಿಗೆ ಕೆಲವು ತಿಂಗಳಿಂದ ಸಂಜೆಯಾದರೆ ಕಾಲು ಬಾಯುತ್ತಿದೆ, ಹೊಟ್ಟೆ ಉಬ್ಬಿದಂತಿದೆ ಎನ್ನೋಣ. ವರದಿಯಲ್ಲಿ ಟೋಟಲ್ ಪ್ರೋಟೀನ್ 7.4, ಅಲ್ಬುಮಿನ್ 2.6, ಗ್ಲಾಬ್ಯುಲಿನ್ 4.8, ಅನುಪಾತ 0.54. ಮೊದಲ ಸಾಲನ್ನಷ್ಟೇ ನೋಡಿದವರು ಪ್ರೋಟೀನ್ ಸರಿಯಾಗಿದೆ ಎಂದುಬಿಡುತ್ತಾರೆ. ವಾಸ್ತವದಲ್ಲಿ ಒಂದು ಕುಸಿದಿದೆ, ಇನ್ನೊಂದು ಏರಿದೆ, ಒಟ್ಟು ಮೊತ್ತ ಮಾತ್ರ ಇದ್ದಂತೆಯೇ ಇದೆ. ಹೀಗಾಗಿ ಅನುಪಾತ ಕಡಿಮೆ ಎಂದು ಕಂಡ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅಲ್ಬುಮಿನ್ ಇಳಿದಿದೆಯೋ, ಗ್ಲಾಬ್ಯುಲಿನ್ ಏರಿದೆಯೋ, ಅಥವಾ ಎರಡೂ ಆಗಿದೆಯೋ?

ಈ ರೈತರಲ್ಲಿ ಎರಡೂ ಆಗಿದೆ. ಅಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ ಮಾತ್ರ. ಯಕೃತ್ತು ಗಟ್ಟಿಯಾಗಿ ಗಂಟುಗಂಟಾಗುವ ಸಿರೋಸಿಸ್‌ನಲ್ಲಿ ಈ ತಯಾರಿಕೆ ಕುಗ್ಗುತ್ತದೆ. ಗ್ಲಾಬ್ಯುಲಿನ್‌ನ ದೊಡ್ಡ ಪಾಲು ರೋಗನಿರೋಧಕ ಪ್ರತಿಕಾಯಗಳದ್ದು, ಅವುಗಳನ್ನು ತಯಾರಿಸುವುದು ಯಕೃತ್ತಲ್ಲ, ಪ್ಲಾಸ್ಮಾ ಕೋಶಗಳು. ಕರುಳಿನಿಂದ ಬರುವ ರಕ್ತವನ್ನು ಸೋಸುವ ಕೆಲಸವನ್ನು ಯಕೃತ್ತು ಸರಿಯಾಗಿ ಮಾಡಲಾಗದಿದ್ದಾಗ ಅಲ್ಲಿನ ಸೂಕ್ಷ್ಮಜೀವಿಗಳ ಅಂಶಗಳು ದೇಹದೊಳಗೆ ನುಸುಳುತ್ತವೆ, ಅವುಗಳ ವಿರುದ್ಧ ಪ್ರತಿಕಾಯಗಳು ಹೆಚ್ಚುತ್ತ ಹೋಗುತ್ತವೆ. ಒಂದೇ ಕಾಯಿಲೆಯಿಂದ ಒಂದು ಸಂಖ್ಯೆ ಇಳಿಯುವುದೂ ಇನ್ನೊಂದು ಏರುವುದೂ ಹೀಗೆ. ರಕ್ತದಲ್ಲಿರುವ ಅಲ್ಬುಮಿನ್ ಅರ್ಧದಷ್ಟಾಗಲು ಸುಮಾರು ಮೂರು ವಾರ ಬೇಕಾಗುವುದರಿಂದ, ನಾಲ್ಕೈದು ದಿನದ ಹೊಸ ಕಾಮಾಲೆಯಲ್ಲಿ ಅದು ಸಾಮಾನ್ಯವಾಗಿ ಇಷ್ಟು ಕೆಳಗೆ ಬರುವುದಿಲ್ಲ. ತೀವ್ರ ಸೋಂಕು ಬೇರೆ ಇಲ್ಲದಿದ್ದರೆ, ಅಲ್ಬುಮಿನ್ 2.6 ಎಂದರೆ ಕಾಯಿಲೆ ಹಳೆಯದು ಎಂದೇ ಅನುಮಾನಿಸಬೇಕು.

ಆದರೂ ಇಷ್ಟಕ್ಕೇ ಯಕೃತ್ತಿನ ಮೇಲೆ ತೀರ್ಪು ಕೊಡಬಾರದು. ಮುಂದಿನ ಹೆಜ್ಜೆ ಮೂತ್ರ ಪರೀಕ್ಷೆ, ಮತ್ತು ನನ್ನ ದೃಷ್ಟಿಯಲ್ಲಿ ಜನ ಅತಿ ಹೆಚ್ಚು ತಪ್ಪಿಸುವ ಹೆಜ್ಜೆಯೂ ಅದೇ. ಇನ್ನೊಂದು ವರದಿಯನ್ನು ಊಹಿಸಿಕೊಳ್ಳಿ: ಗಂಗಾವತಿಯ ಮಹಿಳೆಯೊಬ್ಬರಿಗೆ ಹತ್ತು ವರ್ಷದ ಸಕ್ಕರೆ ಕಾಯಿಲೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು. ಟೋಟಲ್ ಪ್ರೋಟೀನ್ 4.5, ಅಲ್ಬುಮಿನ್ 1.8, ಗ್ಲಾಬ್ಯುಲಿನ್ 2.7, ಅನುಪಾತ 0.67. ಇಲ್ಲಿಯೂ ಅನುಪಾತ ಉಲ್ಟಾ ಆಗಿದೆ, ಆದರೆ ಗ್ಲಾಬ್ಯುಲಿನ್ ಮಿತಿಯಲ್ಲೇ ಇದೆ, ಒಟ್ಟು ಪ್ರೋಟೀನ್ ಕುಸಿದಿದೆ. ಯಕೃತ್ತು ತಯಾರಿಸುತ್ತಲೇ ಇದ್ದರೂ ಹಾಳಾದ ಮೂತ್ರಪಿಂಡದ ಜರಡಿಯಿಂದ ಅಲ್ಬುಮಿನ್ ಸೋರಿಹೋಗುತ್ತಿದೆ ಎಂಬ ಶಂಕೆ ಇಲ್ಲಿ ಬಲವಾಗುತ್ತದೆ. ಇಂಥವರಿಗೆ ಮೂತ್ರದಲ್ಲಿ ಬೇಗ ಆರದ ನೊರೆ ಕಾಣಬಹುದು, ಮೂತ್ರದ ಸಾದಾ ಪರೀಕ್ಷೆಯಲ್ಲಿ ಪ್ರೋಟೀನ್ ಮೂರು ಪ್ಲಸ್ ಎಂದು ಬರಬಹುದು, ಕೊಲೆಸ್ಟರಾಲ್ ಏರಿರಬಹುದು. ಸೋರಿಕೆ ಎಷ್ಟೆಂದು ತಿಳಿಯಲು ಒಂದೇ ಸಲದ ಮೂತ್ರದಿಂದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತವನ್ನು ನೋಡಿದರೆ ಸಾಮಾನ್ಯವಾಗಿ ಸಾಕು. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಹೋಗುತ್ತಿದ್ದರೆ ಅದನ್ನು ನೆಫ್ರೋಟಿಕ್ ಪ್ರಮಾಣದ ಸೋರಿಕೆ ಎನ್ನುತ್ತಾರೆ.

ಸಿಂಧನೂರಿನ ರೈತರ ಮೂತ್ರದಲ್ಲಿ ಪ್ರೋಟೀನ್ ಇಲ್ಲ ಎಂದುಕೊಳ್ಳಿ. ಆಗ ದಾರಿ ಮತ್ತೆ ಯಕೃತ್ತಿನ ಕಡೆಗೆ ತಿರುಗುತ್ತದೆ. ರಕ್ತ ಹೆಪ್ಪುಗಟ್ಟುವ ಅಂಶಗಳನ್ನೂ ಬಹುಪಾಲು ಯಕೃತ್ತೇ ತಯಾರಿಸುವುದರಿಂದ ಪಿಟಿ–ಐಎನ್‌ಆರ್ ಪರೀಕ್ಷೆ ಒಳ್ಳೆಯ ಸಾಕ್ಷಿ. ಅವರ ಐಎನ್‌ಆರ್ 1.5ಕ್ಕೆ ಏರಿ, ಪ್ಲೇಟ್‌ಲೆಟ್ 88,000ಕ್ಕೆ ಇಳಿದು, ಸ್ಕ್ಯಾನಿಂಗ್‌ನಲ್ಲಿ ಗುಲ್ಮ ದೊಡ್ಡದಾಗಿ ಹೊಟ್ಟೆಯಲ್ಲಿ ನೀರು ಕಂಡಿದ್ದರೆ, ಇವೆಲ್ಲ ಸೇರಿ ಸಿರೋಸಿಸ್ ಕಡೆಗೇ ಬೆರಳು ತೋರುತ್ತವೆ. ಕಾರಣವನ್ನು ಹುಡುಕಲು ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಬೇಕು, ಮದ್ಯಪಾನದ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಎರಡೂ ಅಂಗಗಳು ಸರಿಯಿದ್ದು ಅನುಪಾತ ಮಾತ್ರ ಉಲ್ಟಾ ಇರುವುದೂ ಉಂಟು. ಕ್ಷಯದಂತಹ ದೀರ್ಘ ಸೋಂಕಿನಲ್ಲಿ ಪ್ರತಿಕಾಯಗಳು ಏರುತ್ತವೆ. ದೊಡ್ಡ ಜ್ವರ, ಶಸ್ತ್ರಚಿಕಿತ್ಸೆಗಳಲ್ಲಿ ಅಲ್ಬುಮಿನ್ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಗರ್ಭಿಣಿಯರಲ್ಲಿ ಅದು ಸ್ವಲ್ಪ ಕಡಿಮೆ ಇರುವುದು ಸಹಜ. ವಯಸ್ಸಾದವರಲ್ಲಿ ಗ್ಲಾಬ್ಯುಲಿನ್ ಬಹಳ ಏರಿ, ಜೊತೆಗೆ ಬಿಡದ ಬೆನ್ನುನೋವು ಮತ್ತು ರಕ್ತಹೀನತೆ ಇದ್ದರೆ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು, ರಕ್ತದ ಪ್ರೋಟೀನ್‌ಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆ ಮಾಡಿಸಬೇಕಾಗುತ್ತದೆ.

“ದಿನಾ ನಾಲ್ಕು ತತ್ತಿ ತಿಂದ್ರ ಏರತೈತಲ್ರಿ?” ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ತೀರಾ ಅಪೌಷ್ಟಿಕತೆ ಇದ್ದವರನ್ನು ಬಿಟ್ಟರೆ ಊಟವೊಂದರಿಂದಲೇ ಅಲ್ಬುಮಿನ್ ಏರುವುದಿಲ್ಲ, ಕಾರಣಕ್ಕೆ ಚಿಕಿತ್ಸೆ ಆಗಬೇಕು. ಆದರೂ ಊಟದ ಲೆಕ್ಕ ಸಿಂಧನೂರಿನ ರೈತರಿಗೂ ಗಂಗಾವತಿಯ ಮಹಿಳೆಗೂ ಬೇರೆ ಬೇರೆ. ಸಿರೋಸಿಸ್ ಇದ್ದವರು ಬೇಳೆ, ತತ್ತಿ, ಹಾಲು ಬಿಡಬೇಕು ಎಂಬ ಹಳೆಯ ಮಾತು ತಪ್ಪು. ಅವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ರಾತ್ರಿ ಮಲಗುವ ಮುನ್ನ ಏನಾದರೂ ತಿಂದಿರಬೇಕು. ಮೂತ್ರದಲ್ಲಿ ಸೋರುತ್ತಿರುವವರಿಗೆ ಅತಿಯಾದ ಪ್ರೋಟೀನ್ ಸೋರಿಕೆಯನ್ನೇ ಹೆಚ್ಚಿಸಬಹುದಾದ್ದರಿಂದ ಸಾಮಾನ್ಯವಾಗಿ 0.8ರಿಂದ 1 ಗ್ರಾಂ ಸಾಕೆನ್ನುತ್ತಾರೆ. ಬಾವು ಇರುವ ಇಬ್ಬರೂ ದಿನದ ಒಟ್ಟು ಉಪ್ಪನ್ನು ಒಂದು ಟೀ ಚಮಚಕ್ಕಿಂತ ಕಡಿಮೆ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಬಜ್ಜಿಯೂ ಈ ಲೆಕ್ಕದೊಳಗೇ ಬರುತ್ತವೆ. ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಇಬ್ಬರ ಮೂತ್ರಪಿಂಡಕ್ಕೂ ಅಪಾಯಕಾರಿ.

ಚಿಕಿತ್ಸೆ ಶುರುವಾದ ವಾರಕ್ಕೇ ಮತ್ತೆ ರಕ್ತ ಕೊಟ್ಟು ಅಲ್ಬುಮಿನ್ ಏರಿಲ್ಲವೆಂದು ಕಂಗೆಡಬೇಡಿ, ಅದು ಏರಲು ವಾರಗಳೇ ಬೇಕು. ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ ಮಾಡಿಸಿ, ಏಕೆಂದರೆ ಅಳೆಯುವ ವಿಧಾನ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಸಲೈನ್ ಹಾಕಿಸಿಕೊಂಡ ಕೂಡಲೇ ಕೊಟ್ಟ ರಕ್ತದಲ್ಲಿ ಅದು ಇರುವುದಕ್ಕಿಂತ ಕಡಿಮೆ ತೋರುತ್ತದೆ. ಆದರೆ ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೆ, ಮಾತು ತೊದಲಿ ಗೊಂದಲವಾದರೆ, ರಕ್ತವಾಂತಿಯಾದರೆ, ಅಥವಾ ಸೋರಿಕೆ ಇರುವವರ ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವಾದರೆ ಮರುಪರೀಕ್ಷೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಾಲಿನ ಆ ಬಾವು ರಕ್ತ ಹೆಪ್ಪುಗಟ್ಟಿದ್ದರಿಂದ ಬಂದಿರಬಹುದು, ಅಲ್ಬುಮಿನ್ ತೀರಾ ಕುಸಿದ ಮೂತ್ರಪಿಂಡದ ರೋಗಿಗಳಲ್ಲಿ ಆ ಅಪಾಯ ಹೆಚ್ಚು.