45° ಹೋಗಿ ‘45ಲಿ’ ಆಗದಂತೆ: ಗಣಿತದ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು ಹೇಗೆ?

ಶಾಲೆಯ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುವಾಗ ನಮ್ಮ ಕಣ್ಣೆಲ್ಲ ಕಾಗುಣಿತದ ಮೇಲಿರುತ್ತದೆ. ಒಂದು ದೀರ್ಘ ಬಿಟ್ಟುಹೋದರೂ ಮಕ್ಕಳು ವಾಕ್ಯವನ್ನು ಹೇಗೋ ಓದಿಕೊಳ್ಳುತ್ತಾರೆ. ಆದರೆ ಗಣಿತದಲ್ಲಿ ಒಂದು ಋಣ ಚಿಹ್ನೆ ಅಳಿಸಿದರೆ ಉತ್ತರವೇ ಬೇರೆಯಾಗುತ್ತದೆ. ಆದ್ದರಿಂದ ಮೊದಲು ಚಿಹ್ನೆ ಮತ್ತು ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಹೇಳುವುದೆಲ್ಲ ವರ್ಡ್‌ನಲ್ಲಿ ಟೈಪ್ ಮಾಡುವವರಿಗೆ.

ಮೊದಲ ಹೆಜ್ಜೆ ಫಾಂಟ್. ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ರೂಪಗಳನ್ನು ಕೂರಿಸಿಕೊಂಡಿವೆ. ಡಿಗ್ರಿ ಚಿಹ್ನೆಯ ಜಾಗದಲ್ಲಿ ‘ಲಿ’ ಇದೆ, ಗುಣಾಕಾರ ಚಿಹ್ನೆಯ ಜಾಗದಲ್ಲಿ ಠಕಾರದ ಒತ್ತು ಇದೆ. ಹಾಗಾಗಿ ಇಡೀ ಪುಟ ಸೆಲೆಕ್ಟ್ ಮಾಡಿ ಆ ಫಾಂಟ್ ಕೊಟ್ಟರೆ 45° ಇದ್ದದ್ದು ‘45ಲಿ’ ಆಗುತ್ತದೆ, 3 × 4ರ ನಡುವೆ ‘ಶ್ರೇಷ್ಠ’ದಲ್ಲಿ ಬರುವ ಒತ್ತು ನೇತಾಡುತ್ತದೆ. ಆ ಫಾಂಟ್ ಇಲ್ಲದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡವೂ ಓದಲು ಬಾರದ ಗೀಚಾಗುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ; ನೋಟೋ ಸೆರಿಫ್ ಕನ್ನಡ ಉಚಿತವಾಗಿ ಸಿಗುತ್ತದೆ, ಒತ್ತಕ್ಷರಗಳೂ ಸ್ಪಷ್ಟ. ಅಂಗಡಿಗೆ ಕಳಿಸುವುದು ಪಿಡಿಎಫ್ ಮಾತ್ರ.

ಈಗ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

3. x² − 5x + 6 = 0 ಸಮೀಕರಣದ ಮೂಲಗಳು
(A) 2, 3  (B) −2, −3  (C) 1, 6  (D) −1, −6

A ಮತ್ತು B ನಡುವಿನ ವ್ಯತ್ಯಾಸ ಋಣ ಚಿಹ್ನೆ ಮಾತ್ರ. ಕೀಬೋರ್ಡಿನಲ್ಲಿರುವ ಹೈಫನ್ ಒತ್ತಿದರೆ ಬರುವುದು ಚಿಕ್ಕ ಗೆರೆ. ಜೆರಾಕ್ಸ್‌ನಲ್ಲಿ ಅದು ಮೊದಲು ಮಾಯವಾಗುತ್ತದೆ. ಸರಿಯಾದ ಋಣ ಚಿಹ್ನೆ ಅಧಿಕ ಚಿಹ್ನೆಯಷ್ಟೇ ಅಗಲವಿರುತ್ತದೆ. `2212` ಎಂದು ಟೈಪ್ ಮಾಡಿ `Alt+X` ಒತ್ತಿದರೆ ಅದು ಬರುತ್ತದೆ. ಹಿಂದೆ ಬೇರೆ ಅಂಕಿ ಅಂಟಿಕೊಂಡಿದ್ದರೆ ವರ್ಡ್ ಅದನ್ನೂ ಸೇರಿಸಿ ಓದಿ ಬೇರೇನನ್ನೋ ತರುತ್ತದೆ, ಆದ್ದರಿಂದ ಮೊದಲು ಒಂದು ಸ್ಪೇಸ್ ಕೊಡಿ. ಇಡೀ ಸಮೀಕರಣವಿದ್ದರೆ `Alt+=` ಒತ್ತಿ ಸಮೀಕರಣದ ಪೆಟ್ಟಿಗೆಯಲ್ಲೇ ಬರೆಯುವುದು ಲೇಸು. ಅಲ್ಲಿ ಹೈಫನ್ ತಾನಾಗಿಯೇ ಋಣ ಚಿಹ್ನೆಯಾಗುತ್ತದೆ, `\times` ಬರೆದು ಸ್ಪೇಸ್ ಒತ್ತಿದರೆ × ಬರುತ್ತದೆ. ಗುಣಾಕಾರಕ್ಕೆ ಇಂಗ್ಲಿಷಿನ x ಬಳಸಲೇಬೇಡಿ, ಅದು ಚರಾಕ್ಷರದ ಜೊತೆ ಕಲಸಿಹೋಗುತ್ತದೆ.

ನಮ್ಮಲ್ಲಿ ಬಲವಾಗಿ ಬೇರೂರಿರುವ ಒಂದು ರೂಢಿ ‘:-’. ‘a ಯ ಬೆಲೆ :- 5 ಆದರೆ’ ಎಂದು ಬರೆದರೆ ಅದು 5 ಎಂದೋ −5 ಎಂದೋ? ಇದನ್ನು ಪ್ರಶ್ನೆಪತ್ರಿಕೆಯಿಂದ ಪೂರ್ತಿ ತೆಗೆದುಬಿಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರಶ್ನೆಯ ಸಂಖ್ಯೆಯೂ ಇದೇ ತೊಂದರೆ ಕೊಡುತ್ತದೆ: ‘3. 5 × 2’ ಎಂಬುದನ್ನು ಅವಸರದಲ್ಲಿರುವ ಮಗು 3.5 × 2 ಎಂದೇ ಓದುತ್ತದೆ. ಸಂಖ್ಯೆಗೆ ಬೇರೆ ಕಾಲಂ ಕೊಡಿ, ಇಲ್ಲವೇ ‘ಸುಲಭೀಕರಿಸಿ’ ಎಂದು ಪದದಿಂದ ಪ್ರಶ್ನೆ ಶುರುಮಾಡಿ. ಅಂಕಗಳನ್ನು ಬಲ ಅಂಚಿನಲ್ಲಿ, ಪ್ರಶ್ನೆಯಿಂದ ದೂರ ಇಡಿ.

ಆಯ್ಕೆಗಳಿಗೆ ಅ, ಆ, ಇ, ಈ ಬೇಡ. ಅ ಮತ್ತು ಆ ನಡುವಿನ ಸಣ್ಣ ತಿರುವು ಮಸುಕಾದ ಪ್ರತಿಯಲ್ಲಿ ಕಾಣುವುದಿಲ್ಲ, ಮಕ್ಕಳ ಕೈಬರಹದಲ್ಲಂತೂ ಮೌಲ್ಯಮಾಪಕರೇ ಊಹಿಸಬೇಕಾಗುತ್ತದೆ. A, B, C, D ವಾಸಿ. ನಾಲ್ಕನ್ನೂ ಸ್ಪೇಸ್ ಒತ್ತಿ ತಳ್ಳುವ ಬದಲು ಗೆರೆಯಿಲ್ಲದ ಟೇಬಲ್‌ನಲ್ಲಿಡಿ. ಚಿಕ್ಕ ಉತ್ತರಗಳಿಗೆ ಒಂದೇ ಸಾಲು, ಭಿನ್ನರಾಶಿಗಳಿದ್ದರೆ ಎರಡೆರಡು. ‘2,3’ ಎಂದು ಅಂಟಿಸಿದರೆ ಅಲ್ಪವಿರಾಮ ದಶಮಾಂಶ ಬಿಂದುವಿನಂತೆ ಕಾಣಬಹುದು. ನಡುವೆ ಜಾಗ ಬಿಡಿ. ಪ್ರಶ್ನೆ ಒಂದು ಪುಟದಲ್ಲಿ, ಆಯ್ಕೆಗಳು ಇನ್ನೊಂದರಲ್ಲಿ ಆಗದಂತೆ ಪ್ರಶ್ನೆಯ ಸಾಲಿಗೂ, ಟೇಬಲ್‌ನ ಕೊನೆಯ ಸಾಲು ಬಿಟ್ಟು ಉಳಿದವಕ್ಕೂ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ `Keep with next` ಗುರುತು ಹಾಕಿ. ಅಲ್ಲೇ `Line spacing` ಕೂಡ ನೋಡಿ: `Exactly` ಇದ್ದರೆ ಒತ್ತಕ್ಷರದ ಬುಡ, ಭಿನ್ನರಾಶಿಯ ತಲೆ ಕತ್ತರಿಸಿಹೋಗುತ್ತವೆ. `Multiple` ಆರಿಸಿ 1.2 ಕೊಡಿ.

ಕೊನೆಗೆ ಪ್ರಿಂಟ್. ಕಾಗದ ಉಳಿಸಲು ಎರಡು ಎ4 ಪುಟಗಳನ್ನು ಒಂದರಲ್ಲೇ ಹಾಕಿಸುವುದುಂಟು. ಆಗ ಅಳತೆ ಸುಮಾರು 71 ಪ್ರತಿಶತಕ್ಕೆ ಇಳಿಯುತ್ತದೆ. 12 ಪಾಯಿಂಟಿನ ಅಕ್ಷರದ ಪಕ್ಕ ವರ್ಗದ 2 ಸುಮಾರು 8 ಪಾಯಿಂಟ್ ಇರುತ್ತದೆ. ಕುಗ್ಗಿದ ಮೇಲೆ 6ಕ್ಕಿಂತ ಕಡಿಮೆ, x² ಯಾವುದು x³ ಯಾವುದು ತಿಳಿಯುವುದಿಲ್ಲ. ಹಾಗೆ ಹಾಕಿಸಲೇಬೇಕಿದ್ದರೆ ಮೊದಲೇ 16 ಪಾಯಿಂಟಿನಲ್ಲಿ ಟೈಪ್ ಮಾಡಿ. ಒಂದು ಪ್ರತಿ ತೆಗೆಸಿ, ಆ ಪ್ರತಿಯದೇ ಮತ್ತೊಂದು ಜೆರಾಕ್ಸ್ ಮಾಡಿಸಿ, ಪ್ರಶ್ನೆ ತೆಗೆಯದ ಇನ್ನೊಬ್ಬ ಶಿಕ್ಷಕರಿಗೆ ಕೊಡಿ. ತಿದ್ದುವುದಕ್ಕಲ್ಲ, ಉತ್ತರ ಬರೆಯುವುದಕ್ಕೆ. ಅವರ ಉತ್ತರ ನಿಮ್ಮ ಕೀ ಉತ್ತರಕ್ಕೆ ಹೊಂದದ ಕಡೆ ಚಿಹ್ನೆಯನ್ನು ಮತ್ತೊಮ್ಮೆ ನೋಡಿ.