ತುಟಿ ಮುಚ್ಚುವಲ್ಲಿ ‘ಬ’ ಇರಲಿ: ಕಾರ್ಟೂನಿಗೆ ಕನ್ನಡ ಮಾತು ಬರೆಯುವ ಬಗೆ

ಡಬ್ಬಿಂಗಿಗೆ ಮೊದಲ ಸಲ ಬರೆಯುವವರ ಹಾಳೆ ಓದಿದರೆ ಕನ್ನಡ ಚೆನ್ನಾಗಿಯೇ ಇರುತ್ತದೆ. ಕಲಾವಿದರು ಮೈಕ್ ಮುಂದೆ ನಿಂತಾಗ ಎಡವಟ್ಟು ಬಯಲಾಗುತ್ತದೆ. ಪರದೆಯ ಮೇಲಿನ ಮೊಲ ಬಾಯಿ ಮುಚ್ಚಿ ಓಡಿಹೋದರೂ ನಮ್ಮ ವಾಕ್ಯ ಇನ್ನೂ ಅರ್ಧದಲ್ಲೇ ಇರುತ್ತದೆ.

ಮೊದಲು ವಿಡಿಯೊ ಮತ್ತು ಪೂರ್ತಿ ಸ್ಕ್ರಿಪ್ಟ್ ತರಿಸಿಕೊಳ್ಳಿ. ಸಬ್‌ಟೈಟಲ್ ಇಟ್ಟುಕೊಂಡು ಬರೆಯಲು ಕೂರಲೇಬೇಡಿ. ಬೇಗ ಓದಲಿ ಎಂದು ಅದರಲ್ಲಿ ಮಾತನ್ನು ಮೊದಲೇ ಮೊಟಕು ಮಾಡಿರುತ್ತಾರೆ. ನಗು, ಏದುಸಿರು, ಉದ್ಗಾರ ಬಹುಪಾಲು ಇರುವುದಿಲ್ಲ. ಹಾಳೆಯಲ್ಲಿ ಸಮಯ, ಪಾತ್ರ, ಇಂಗ್ಲಿಷ್ ಮಾತು, ಕನ್ನಡ ಮಾತು ಎಂದು ನಾಲ್ಕು ಕಾಲಂ ಸಾಕು. ಪಾತ್ರ ಬೆನ್ನು ತಿರುಗಿಸಿದ ಅಥವಾ ದೂರ ನಿಂತ ಶಾಟ್‌ಗಳಿಗೆ ಗುರುತು ಹಾಕಿ. ಬಾಯಿ ಕಾಣದ ಆ ಜಾಗದಲ್ಲಿ ಹೆಚ್ಚುವರಿ ಮಾತನ್ನು ತುಂಬಿಸಬಹುದು.

ಕಷ್ಟ ಇರುವುದು ಬಾಯಿ ಹತ್ತಿರದಿಂದ ಕಾಣುವ ಸಾಲುಗಳಲ್ಲಿ. ಉದಾಹರಣೆಗೆ, ತಮ್ಮನ ಕೈಯಲ್ಲಿ ಏಡಿ ಇದೆ, ಅಕ್ಕ ಕೂಗುತ್ತಾಳೆ: ‘ಪುಟ್ ಇಟ್ ಡೌನ್ ಬಿಫೋರ್ ಇಟ್ ಬೈಟ್ಸ್ ಯೂ!’ ಸಮಯ 2 ಸೆಕೆಂಡು, ಅಂದರೆ ಸೆಕೆಂಡಿಗೆ 24ರಂತೆ 48 ಫ್ರೇಮು. ಬಾಯಲ್ಲಿ ಹೇಳುತ್ತಾ ಉಚ್ಚಾರದ ಒಂದೊಂದು ತುಣುಕಿಗೂ ಒಮ್ಮೆ ಮೇಜು ತಟ್ಟಿದರೆ 8 ತಟ್ಟು ಬರುತ್ತದೆ. ಈಗ ವಿಡಿಯೊವನ್ನು VLCಯಲ್ಲಿ ನಿಲ್ಲಿಸಿ, E ಕೀ ಒತ್ತುತ್ತಾ ಒಂದೊಂದೇ ಫ್ರೇಮು ಮುಂದೆ ಹೋಗಿ. ತುಟಿ ಪೂರ್ತಿ ಅಂಟುವುದು 1, 4 ಮತ್ತು 7ನೇ ತಟ್ಟಿನಲ್ಲಿ, ಪ ಮತ್ತು ಬ ಬಂದಾಗ. ಕೊನೆಯ ‘ಯೂ’ಗೆ ತುಟಿ ದುಂಡಗಾಗುತ್ತದೆ. ಈ ನಾಲ್ಕು ಜಾಗ ಹೊಂದಿದರೆ ಉಳಿದದ್ದನ್ನು ನೋಡುಗರು ಗಮನಿಸುವುದಿಲ್ಲ. ತ ಇದ್ದಲ್ಲಿ ಕ ಬಂದರೂ ಹೊರಗೆ ಬಾಯಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.

ಪದಕ್ಕೆ ಪದ ಇಟ್ಟರೆ ‘ಅದು ನಿನ್ನನ್ನು ಕಚ್ಚುವುದಕ್ಕೆ ಮೊದಲು ಕೆಳಗಿಡು’ ಎಂದಾಗಿ 17 ತಟ್ಟು ಆಗುತ್ತದೆ, ಇಡೀ ಸಾಲಿನಲ್ಲಿ ತುಟಿ ಅಂಟುವುದು ‘ಮೊದಲು’ವಿನಲ್ಲಿ ಮಾತ್ರ. ‘ಅದನ್ನ ಬಿಡು, ಕಚ್ಚುತ್ತೆ’ ಎಂದರೆ 8 ಆಗುತ್ತದೆ. ಆದರೆ ಮೊದಲ ಫ್ರೇಮಿನಲ್ಲೇ ಅಕ್ಕನ ಬಾಯಿ ಮುಚ್ಚಿರುವಾಗ ನಮಗೆ ‘ಅ’ ಕೇಳುತ್ತದೆ. ಸಾಲಿನ ಆರಂಭದ ಈ ತಪ್ಪು ಎಲ್ಲಕ್ಕಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ. ‘ಬಿಡು’ವನ್ನು ಮುಂದೆ ತನ್ನಿ, ಕೆಳಗಿಡುವ ವಿಷಯ ಕೈಬಿಡಿ, ಏಡಿ ಚಿತ್ರದಲ್ಲೇ ಕಾಣುತ್ತಿದೆ:

‘ಬಿಡದ್ನ, ಬೆರಳ್ ಕಚ್ಬಿಟ್ಟೀತು!’

ಬಿ-ಡದ್-ನ-ಬೆ-ರಳ್-ಕಚ್-ಬಿಟ್-ಟೀ-ತು. 9 ತಟ್ಟು, 1, 4, 7ರಲ್ಲಿ ಬ, ಕೊನೆಗೆ ದುಂಡಗಿನ ಉ. ‘ಕಚ್ಬಿಟ್ಟೀತು’ ಎಂಬ ಸಂಭಾವನಾರ್ಥಕ ರೂಪದಲ್ಲೇ ‘ಕಚ್ಚುವ ಮುಂಚೆ’ ಎಂಬ ಎಚ್ಚರಿಕೆ ಅಡಗಿರುವುದರಿಂದ ಅರ್ಥವೂ ಕಳೆಯಲಿಲ್ಲ. ಒಂದು ತಟ್ಟು ಹೆಚ್ಚಾದರೆ ಕಲಾವಿದರು ಸರಿದೂಗಿಸುತ್ತಾರೆ, ಮೂರು ಹೆಚ್ಚಾದರೆ ಗಡಿಬಿಡಿಯಲ್ಲಿ ನುಂಗುತ್ತಾರೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಧ್ವನಿಯ ವೇಗ ಏರಿಸಿ ಕೂರಿಸುವ ಅಡ್ಡದಾರಿ ಬೇಡವೇ ಬೇಡ, ಮಾತು ಕಟ್ಟೆ ಒಡೆದ ನೀರಿನಂತೆ ಓಡುತ್ತದೆ.

ನಮ್ಮ ಆಡುಮಾತು ಇಲ್ಲಿ ಕೈಹಿಡಿಯುತ್ತದೆ. ‘ಮಾಡುತ್ತೇನೆ’ 4 ತಟ್ಟು, ತುಮಕೂರಿನ ಬೀದಿಯ ‘ಮಾಡ್ತೀನಿ’ 3. ಗ್ರಂಥದ ರೂಪದಲ್ಲಿ ಬರೆದುಕೊಟ್ಟು, ಕಲಾವಿದರೇ ಒಡೆದು ಹೇಳಿಕೊಳ್ಳಲಿ ಎನ್ನಬೇಡಿ; ಎಲ್ಲಿ ಅಕ್ಷರ ಬಿಡಬೇಕೋ ಹಾಳೆಯಲ್ಲೇ ಹಾಗೆ ಬರೆಯಿರಿ. ಹಾಗೆಂದು ಊರಿನ ಸೊಗಡು ಚಿತ್ರಕ್ಕೆ ವಿರುದ್ಧವಾಗಬಾರದು. ಪರದೆಯಲ್ಲಿ ಪ್ಯಾನ್‌ಕೇಕಿನ ಮೇಲೆ ಸಿರಪ್ ಸುರಿಯುತ್ತಿರುವಾಗ ‘ತಟ್ಟೆ ಇಡ್ಲಿ’ ಎಂದು ಬರೆದರೆ, ಕ್ಯಾತ್ಸಂದ್ರದಲ್ಲಿ ಅದನ್ನು ತಿಂದ ಮಗು ಒಪ್ಪುವುದಿಲ್ಲ. ‘ದೋಸೆ’ಯಾದರೆ ನಡೆಯುತ್ತದೆ.

ಇನ್ನೊಂದು ತೊಡಕು ಕೈಸನ್ನೆಯದು. ‘ಐ ಹಿಡ್ ದ ಕೀ ಅಂಡರ್ ದ ಪಾಟ್’ ಎನ್ನುತ್ತಾ ಪಾತ್ರ ಕೊನೆಯ ಪದಕ್ಕೆ ಕುಂಡದ ಕಡೆ ಬೆರಳು ತೋರಿಸುತ್ತದೆ. ‘ಕೀನ ಕುಂಡದ ಕೆಳಗೆ ಬಚ್ಚಿಟ್ಟೆ’ ಎಂದರೆ ಬೆರಳು ಏಳುವಷ್ಟರಲ್ಲಿ ಕುಂಡದ ಮಾತು ಮುಗಿದಿರುತ್ತದೆ. ‘ಕೀ ಬಚ್ಚಿಟ್ಟಿದ್ದು ಕುಂಡದ್ ಕೆಳ್ಗೆ’ ಎಂದು ತಿರುಗಿಸಿ.

ಕೊನೆಗೆ ಧ್ವನಿ ಮ್ಯೂಟ್ ಮಾಡಿ, ಚಿತ್ರ ನೋಡುತ್ತಾ ನಿಮ್ಮ ಸಾಲುಗಳನ್ನು ಪಾತ್ರದ ಭಾವದಲ್ಲೇ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲೇ ಓದಿದರೆ ಎಲ್ಲವೂ ಹಿಡಿಸಿದಂತೆ ಅನಿಸುತ್ತದೆ. ಮಾತು ಚಿತ್ರಕ್ಕಿಂತ ಎರಡು ಫ್ರೇಮು ಹಿಂದೆ ಬಿದ್ದರೆ ಚಿಂತೆಯಿಲ್ಲ, ಮುಂದೆ ಹೋದರೆ ತಕ್ಷಣ ಗೊತ್ತಾಗುತ್ತದೆ. ತೊಡರಿದ ಸಾಲಿನ ಕೆಳಗೆ ಎರಡು ತಟ್ಟು ಕಡಿಮೆಯ ಇನ್ನೊಂದು ಸಾಲನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡೇ ಸ್ಟುಡಿಯೋಗೆ ಹೋಗಿ.